ತಾರೀಖು ಬದಲಿಸಿದರೆ ಓದುಗರು ಮರಳುವುದಿಲ್ಲ

*ಸಂಪಾದಕರೇ, ಫೋನಿನ ಸ್ಟೋರೇಜ್ ತುಂಬಿದರೆ ಏನು ಮಾಡಬೇಕು ಎಂದು 2019ರಲ್ಲಿ ನನ್ನ ಜಾಲತಾಣಕ್ಕೆ ಒಂದು ಲೇಖನ ಬರೆದಿದ್ದೆ. ಗೂಗಲ್‌ನಿಂದ ಓದುಗರು ಚೆನ್ನಾಗಿಯೇ ಬರುತ್ತಿದ್ದರು. ಒಂದು ವರ್ಷದಿಂದ ಅರ್ಧಕ್ಕಿಂತ ಕಡಿಮೆಯಾಗಿದ್ದಾರೆ. ತಾರೀಖು ಹೊಸದು ಹಾಕಿದೆ, ಆರಂಭಕ್ಕೆ ಉದ್ದನೆಯ ಪೀಠಿಕೆ ಸೇರಿಸಿದೆ, ಏನೂ ಬದಲಾಗಲಿಲ್ಲ. ಲೇಖನವನ್ನೂ, ಗೂಗಲ್ ಹುಡುಕಾಟದಿಂದ ಬಂದವರ ಲೆಕ್ಕ ತೋರಿಸುವ ಸರ್ಚ್ ಕನ್ಸೋಲ್‌ನ ಪಟ್ಟಿಯನ್ನೂ ಕಳಿಸಿದ್ದೇನೆ. ಏನು ನೋಡಲಿ, ಏನು ತೆಗೆಯಲಿ, ಏನು ಸೇರಿಸಲಿ?*
*— ಒಬ್ಬ ಓದುಗ*

ಈ ವರ್ಷದ ಮೂರು ತಿಂಗಳನ್ನು ಹೋದ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿ ಕಳಿಸಿದ್ದೀರಿ, ಅದರಿಂದ ಕೆಲಸ ಸುಲಭವಾಯಿತು. ಬಹಳ ಜನ ಹೋದ ತಿಂಗಳಿಗೆ ಈ ತಿಂಗಳನ್ನು ಹೋಲಿಸಿ ಗಾಬರಿಯಾಗುತ್ತಾರೆ. ಹುಡುಕಾಟಕ್ಕೂ ಹಂಗಾಮು ಇರುತ್ತದೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟುಕೊಳ್ಳುವುದರಿಂದ ವರ್ಷಕ್ಕೆ ವರ್ಷ ಹೋಲಿಸಲು ಅಡ್ಡಿಯಿಲ್ಲ.

ಪಟ್ಟಿಯಲ್ಲಿ ಕ್ಲಿಕ್ ಬಿದ್ದುಹೋಗಿರುವುದನ್ನಷ್ಟೇ ನೋಡಿದರೆ ಕಾರಣ ಕಾಣುವುದಿಲ್ಲ. ಅದರ ಪಕ್ಕದ ಎರಡು ಅಂಕಣ ನೋಡಬೇಕು. ‘Impressions’ ಎಂದರೆ ಹುಡುಕಿದವರಿಗೆ ನಿಮ್ಮ ಪುಟ ಎಷ್ಟು ಸಲ ಕಾಣಿಸಿತು ಎಂಬುದು. ‘Average position’ ಎಂದರೆ ಸರಾಸರಿ ಎಷ್ಟನೇ ಜಾಗದಲ್ಲಿ ಕಾಣಿಸಿತು ಎಂಬುದು. ಜಾಗ ಹಾಗೇ ಇದ್ದು ಕಾಣಿಸಿದ್ದು ಮಾತ್ರ ಕಡಿಮೆಯಾಗಿದ್ದರೆ ಜನ ಆ ವಿಷಯ ಹುಡುಕುವುದೇ ಕಡಿಮೆಯಾಗಿದೆ ಎಂದರ್ಥ. ಆಗ ಎಷ್ಟು ತಿದ್ದಿದರೂ ಪ್ರಯೋಜನ ಕಡಿಮೆ. ಎರಡೂ ಹಾಗೇ ಇದ್ದು ಕ್ಲಿಕ್ ಇಳಿದಿದ್ದರೆ, ಒಂದೋ ನಿಮ್ಮ ಶೀರ್ಷಿಕೆ ಸೆಳೆಯುತ್ತಿಲ್ಲ, ಇಲ್ಲವೇ ಹುಡುಕಾಟದ ಪುಟದಲ್ಲೇ ಉತ್ತರ ಸಿಕ್ಕಿ ಜನ ಅಲ್ಲಿಂದಲೇ ಹೋಗುತ್ತಿದ್ದಾರೆ. ನಿಮ್ಮದು ಮೂರನೆಯ ಬಗೆ. ಕಾಣಿಸಿದ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದೆ, ಸರಾಸರಿ ಜಾಗ 5ರಿಂದ 10ಕ್ಕೆ ಜಾರಿದೆ.

ಲೇಖನ ಇಡಿಯಾಗಿ ಕೆಳಗೆ ಹೋಯಿತು ಎಂದು ಇಲ್ಲಿಗೇ ತೀರ್ಮಾನಿಸಬೇಡಿ. ಸರಾಸರಿ ಮೋಸ ಮಾಡುತ್ತದೆ. ಆ ಒಂದೇ ಪುಟವನ್ನು ಆರಿಸಿಕೊಂಡು ‘Queries’ ತೆರೆದರೆ ಜನ ಏನೇನು ಟೈಪ್ ಮಾಡಿದ್ದರು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ತೀರಾ ಕೆಲವೇ ಜನ ಹುಡುಕಿದ ಮಾತುಗಳನ್ನು ಗೂಗಲ್ ತೋರಿಸುವುದಿಲ್ಲ, ಹಾಗಾಗಿ ಕೂಡಿದರೆ ಒಟ್ಟು ಮೊತ್ತಕ್ಕೆ ತಾಳೆಯಾಗುವುದಿಲ್ಲ. ಆದರೂ ದಿಕ್ಕು ತಿಳಿಯಲು ಇದು ಸಾಕು.

ನಿಮ್ಮ ಪಟ್ಟಿಯಲ್ಲಿ ಮೂರು ಮುಖ್ಯ ಗುಂಪುಗಳಿವೆ. ‘ಫೋನ್ ಸ್ಟೋರೇಜ್ ಫುಲ್’ ಎಂದು ಹುಡುಕುವವರಿಗೆ ನೀವು ಮೊದಲು ನಾಲ್ಕನೆಯವರು, ಈಗ ಐದನೆಯವರು. ಇಲ್ಲಿ ಹೆಚ್ಚೇನೂ ಕಳೆದುಕೊಂಡಿಲ್ಲ. ಫೋಟೋಗಳನ್ನು ಉಚಿತವಾಗಿ ಎಲ್ಲಿ ಇಡುವುದು ಎಂದು ಕೇಳುವವರಿಗೆ ಮೂರನೆಯವರಿದ್ದವರು ಹದಿನಾಲ್ಕಕ್ಕೆ ಹೋಗಿದ್ದೀರಿ. ಕಳೆದುಹೋದ ಕ್ಲಿಕ್‌ಗಳೆಲ್ಲ ಬಹುತೇಕ ಈ ಗುಂಪಿನವು. ಮೂರನೆಯದು ಹೋದ ವರ್ಷ ಇಲ್ಲದ ಗುಂಪು: ವಾಟ್ಸಾಪ್ ಬ್ಯಾಕಪ್‌ನಿಂದ ಗೂಗಲ್ ಸ್ಟೋರೇಜ್ ತುಂಬಿತು ಎನ್ನುವವರು. ಅವರಿಗೆ ನೀವು ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸುತ್ತಿದ್ದೀರಿ, ಯಾರೂ ಒತ್ತುತ್ತಿಲ್ಲ. ಸರಾಸರಿಯನ್ನು ಇಷ್ಟು ಕೆಳಗೆ ಎಳೆದಿರುವುದರಲ್ಲಿ ಈ ಹೊಸಬರ ಪಾಲೂ ಇದೆ. ಅದು ನಷ್ಟವಲ್ಲ, ನಿಮ್ಮಲ್ಲಿ ಉತ್ತರ ಇರಬಹುದೆಂದು ಬಾಗಿಲು ತಟ್ಟುತ್ತಿರುವ ಓದುಗರು ಅವರು.

ಇಷ್ಟು ತಿಳಿದ ಮೇಲೆ ಲೇಖನ ಓದಿದೆ. ಫೋಟೋ ಗುಂಪು ಯಾಕೆ ಕೈಬಿಟ್ಟಿತು ಎಂಬುದಕ್ಕೆ ನಾಲ್ಕನೆಯ ಪ್ಯಾರಾ ಸಾಕು. ಗೂಗಲ್ ಫೋಟೋಸ್‌ನಲ್ಲಿ ‘ಹೈ ಕ್ವಾಲಿಟಿ’ ಆರಿಸಿದರೆ ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದು ಎಂದಿದ್ದೀರಿ. 2019ರಲ್ಲಿ ಅದು ನಿಜ. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿದೆ. ಆಮೇಲೆ ಸೇರಿಸಿದ್ದೆಲ್ಲ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಇರುವ 15 ಜಿಬಿಯೊಳಗೇ ಲೆಕ್ಕವಾಗುತ್ತದೆ. ಆ ಆಯ್ಕೆಯ ಹೆಸರು ಕೂಡ ಈಗ ‘Storage saver’. ನಿಮ್ಮ ಮಾತು ನಂಬಿ ಎಲ್ಲವನ್ನೂ ಅಲ್ಲಿ ತುಂಬಿದವರಿಗೆ ಮುಂದೆ ಮೇಲ್ ಬರುವುದೇ ನಿಂತುಹೋಗಬಹುದು. ಹೊಸ ತಾರೀಖಿನ ಕೆಳಗೆ ಈ ಪ್ಯಾರಾ ಹಾಗೇ ಇರುವುದು ನನಗೆ ಎಲ್ಲಕ್ಕಿಂತ ಬೇಸರ ತಂದ ಸಂಗತಿ. ಓದಿದವರು ಅದನ್ನು ಈಗಿನ ಮಾತು ಎಂದೇ ತಿಳಿಯುತ್ತಾರೆ. ಒಳಗೆ ಬದಲಾವಣೆ ಮಾಡದೆ ತಾರೀಖು ಮಾತ್ರ ಬದಲಿಸುವುದು ಬೇಡ ಎಂದು ಗೂಗಲ್ ಕೂಡ ಹೇಳುತ್ತದೆ.

ತೆಗೆಯುವ ಕೆಲಸ ಮೊದಲು ಮಾಡಿ, ಸೇರಿಸುವುದು ಆಮೇಲೆ. ಆ ಪ್ಯಾರಾ ಹೋಗಲಿ. ಹೊಸ ಪೀಠಿಕೆಯೂ ಪೂರ್ತಿ ಹೋಗಲಿ. ಸ್ಟೋರೇಜ್ ಎಂದರೇನು ಎಂಬ ವಿವರಣೆ ಸ್ಟೋರೇಜ್ ತುಂಬಿ ಪರದಾಡುತ್ತಿರುವವರಿಗೆ ಬೇಡ, ಅದರಿಂದಾಗಿ ಉತ್ತರ ಒಂದು ಪರದೆಯಷ್ಟು ಕೆಳಗೆ ಹೋಗಿದೆ. ‘ಕ್ಲೀನರ್’ ಆ್ಯಪ್‌ಗಳ ಪಟ್ಟಿಯನ್ನೂ ತೆಗೆಯಿರಿ. ಅವು ಮಾಡುವ ಹೆಚ್ಚಿನ ಕೆಲಸ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಆಗುತ್ತದೆ. ಮೆಮೊರಿ ಕಾರ್ಡ್‌ಗೆ ಸಾಗಿಸುವ ಭಾಗವನ್ನು ಎರಡು ಸಾಲಿಗೆ ಇಳಿಸಿ, ಅನೇಕ ಹೊಸ ಫೋನ್‌ಗಳಲ್ಲಿ ಆ ಜಾಗವೇ ಇಲ್ಲ. ಒಂದು ಎಚ್ಚರಿಕೆ: ‘ಸ್ಟೋರೇಜ್ ಫುಲ್’ ಗುಂಪಿನವರು ಬರುತ್ತಿರುವುದು ನೀವು ಹಂತಹಂತವಾಗಿ ಬರೆದ ಮಧ್ಯದ ಭಾಗಕ್ಕೆ. ಅಲ್ಲಿ ಮೆನುವಿನ ಹೆಸರುಗಳನ್ನು ಇಂದಿನ ಫೋನಿನಲ್ಲಿ ನೋಡಿ ಸರಿಪಡಿಸಿ, ಉಳಿದದ್ದನ್ನು ಮುಟ್ಟಬೇಡಿ.

ಸೇರಿಸಬೇಕಾದದ್ದು ಎರಡೇ. ಮೊದಲನೆಯದು ವಾಟ್ಸಾಪ್. ಆಂಡ್ರಾಯ್ಡ್‌ನಲ್ಲಿ ಅದರ ಬ್ಯಾಕಪ್ ಮೊದಲು ಗೂಗಲ್ ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಆ 15 ಜಿಬಿಯಲ್ಲೇ ಸೇರುತ್ತದೆ. ಇದನ್ನು ಉಪಶೀರ್ಷಿಕೆಯ ಕೆಳಗಿನ ಮೊದಲ ವಾಕ್ಯದಲ್ಲೇ ಹೇಳಿ. ಆಮೇಲೆ ವಾಟ್ಸಾಪ್‌ನ Settings, Storage and data, Manage storage ಎಂಬ ದಾರಿ ತೋರಿಸಿ. ಯಾವ ಚಾಟ್ ಎಷ್ಟು ಜಾಗ ತಿಂದಿದೆ ಎಂದು ಅಲ್ಲಿ ಕಾಣುತ್ತದೆ. ಬ್ಯಾಕಪ್‌ನಲ್ಲಿ ವಿಡಿಯೋ ಬೇಡವೆಂದು ಆರಿಸಬಹುದು ಎಂಬುದನ್ನೂ ಬರೆಯಿರಿ. ಎರಡನೆಯದು ಫೋಟೋಗಳದ್ದು. ಗೂಗಲ್ ಫೋಟೋಸ್‌ನಲ್ಲಿ ‘Free up space’ ಒತ್ತಿದರೆ ಬ್ಯಾಕಪ್ ಆದ ಚಿತ್ರಗಳ ಫೋನಿನ ಪ್ರತಿ ಮಾತ್ರ ಹೋಗುತ್ತದೆ. ಅದೇ ಆ್ಯಪ್‌ನಲ್ಲಿ ಚಿತ್ರವನ್ನು ಡಿಲೀಟ್ ಮಾಡಿದರೆ ಎರಡೂ ಕಡೆ ಹೋಗುತ್ತದೆ. ಬ್ಯಾಕಪ್ ಆಗಿದ್ದ ಚಿತ್ರ ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಸಿಗುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಮನೆಮಂದಿಯ ಚಿತ್ರ ಕಳೆದುಕೊಳ್ಳುವವರಿದ್ದಾರೆ, ಆದ್ದರಿಂದ ದಪ್ಪಕ್ಷರದಲ್ಲಿ ಹಾಕಿ.

ಪುಟದ ವಿಳಾಸ ಬದಲಿಸಬೇಡಿ. ಇಷ್ಟು ವರ್ಷ ಬೇರೆಯವರು ಕೊಟ್ಟ ಕೊಂಡಿಗಳೆಲ್ಲ ಅದಕ್ಕೇ ಇವೆ. ವಿಳಾಸದಲ್ಲಿ 2019 ಎಂದಿದ್ದು ಬದಲಿಸಲೇಬೇಕಾದರೆ ಹಳೆಯದಕ್ಕೆ ಬಂದವರು ತಾನಾಗಿಯೇ ಹೊಸದಕ್ಕೆ ಹೋಗುವಂತೆ 301 ರೀಡೈರೆಕ್ಟ್ ಹಾಕಿ. ಇದೇ ವಿಷಯದ ಮೇಲೆ ನಿಮ್ಮದೇ ಇನ್ನೊಂದು ಲೇಖನ ಇದೆಯೇ ಎಂದೂ ನೋಡಿ. ಮೊದಲು ಮಾಡಿದ ಒಂದೇ ಪುಟದ ಆಯ್ಕೆಯನ್ನು ತೆಗೆದು, ‘Queries’ನಲ್ಲಿ ಒಂದು ಮಾತನ್ನು ಆರಿಸಿ ‘Pages’ ತೆರೆದರೆ, ಎರಡು ಪುಟಗಳು ಒಂದೇ ಓದುಗನಿಗಾಗಿ ಜಗಳವಾಡುತ್ತಿದ್ದರೆ ಗೊತ್ತಾಗುತ್ತದೆ. ಹಾಗಿದ್ದರೆ ಒಳ್ಳೆಯದನ್ನು ಉಳಿಸಿ ಇನ್ನೊಂದನ್ನು ಅದರೊಳಗೆ ಸೇರಿಸಿ.

ತಿದ್ದಿದ ದಿನವನ್ನು ಗುರುತು ಹಾಕಿಕೊಳ್ಳಿ. ಸರ್ಚ್ ಕನ್ಸೋಲ್‌ನ ‘URL Inspection’ನಲ್ಲಿ ವಿಳಾಸ ಕೊಟ್ಟು, ಗೂಗಲ್ ಪುಟವನ್ನು ಮತ್ತೆ ಓದಲೆಂದು ‘Request indexing’ ಒತ್ತಿ, ಮತ್ತೆ ಕೆಲವು ವಾರ ಕೈ ಹಾಕಬೇಡಿ. ದಿನಕ್ಕೊಂದು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ತಿದ್ದುವ ಮೊದಲಿನ 28 ದಿನಕ್ಕೆ ಅನಂತರದ 28 ದಿನ ಹೋಲಿಸುವಾಗಲೂ ಒಟ್ಟು ಸರಾಸರಿಯನ್ನು ಬಿಟ್ಟು ಮೂರು ಗುಂಪುಗಳನ್ನು ಬೇರೆಬೇರೆ ನೋಡಿ. ವಾಟ್ಸಾಪ್ ಗುಂಪಿನಲ್ಲಿ ಜಾಗ ಮೇಲೇರುವುದು ಮೊದಲು ಕಾಣಬಹುದು, ಕ್ಲಿಕ್ ಆಮೇಲೆ ಬರುತ್ತದೆ. ಫೋಟೋ ಗುಂಪಿನಲ್ಲಿ ಹಳೆಯ ಸಂಖ್ಯೆ ಪೂರ್ತಿ ಮರಳುತ್ತದೆಂದು ನಾನು ಹೇಳಲಾರೆ. ಮಿತಿಯಿಲ್ಲದ ಉಚಿತ ಜಾಗ ಈಗಲೂ ಇದೆ ಎಂಬ ಆಸೆಯಿಂದ ಬರುತ್ತಿದ್ದವರಿಗೆ ಅದು ಇಲ್ಲ ಎಂಬ ಉತ್ತರವೇ ಈಗ ಉಳಿದಿರುವುದು.