ಲೋಟ ಕೈಗೆ ಬಂದು ಹೋಗುವುದು ಏಕೆ

“ಇಬ್ಬರು ಕೂತು ಮಾತಾಡುವ ದೃಶ್ಯ. ಪ್ರತಿ ಟೇಕ್‌ಗೂ ಮೊದಲು ಫೋಟೋ ತೆಗೆದಿದ್ದೆ. ಆದರೂ ಎಡಿಟಿಂಗ್‌ನಲ್ಲಿ ಲೋಟ ಒಮ್ಮೆ ಕೈಯಲ್ಲಿ, ಒಮ್ಮೆ ಮೇಜಿನ ಮೇಲೆ. ಎಲ್ಲಿ ತಪ್ಪಿದೆ?”

ಫೋಟೋದಲ್ಲಿರುವುದು ಟೇಕ್ ಶುರುವಾಗುವ ಮುಂಚಿನ ಸ್ಥಿತಿ. ಆದರೆ ಕಟ್ ಬೀಳುವುದು ಮಾತಿನ ನಡುವೆ. ಹಾಗಾಗಿ ಚಲನೆಯನ್ನು ಸ್ಕ್ರಿಪ್ಟ್‌ನಲ್ಲಿ ಆಯಾ ಪದದ ಮೇಲೆಯೇ ಗುರುತಿಸಬೇಕು. “ನಾನು ನಾಳೆ ಹೊರಡ್ತೀನಿ” ಅನ್ನುವ ಸಾಲಿದೆ ಅಂದುಕೊಳ್ಳಿ. ‘ನಾಳೆ’ ಮೇಲೆ ಗೆರೆ ಎಳೆದು “ಬಲಗೈ, ಲೋಟ ಎತ್ತಿದರು” ಎಂದೂ, ‘ಹೊರಡ್ತೀನಿ’ ಮುಗಿದಲ್ಲಿ “ಗುಟುಕಿಲ್ಲದೆ ಇಟ್ಟರು” ಎಂದೂ ಬರೆಯಿರಿ. ಇಡೀ ದೃಶ್ಯವನ್ನು ಒಟ್ಟಿಗೆ ಹಿಡಿಯುವ ಮಾಸ್ಟರ್ ಶಾಟ್‌ನಲ್ಲಿ ನಿರ್ದೇಶಕರು ಒಪ್ಪಿದ ಟೇಕ್‌ನ ಗುರುತುಗಳೇ ಆಧಾರ. ಕ್ಲೋಸಪ್‌ಗೆ ಮುಂಚೆ ಅದನ್ನೇ ಕಲಾವಿದರಿಗೆ ಓದಿ ಹೇಳಿ. ನಡುವೆ ಕೈ ಬದಲಾದರೆ ಟೇಕ್ ನಿಲ್ಲಿಸಬೇಡಿ (ಅಭಿನಯ ಅದರಲ್ಲೇ ಚೆನ್ನಾಗಿರಬಹುದು!), ಬರೆದುಕೊಂಡು ಕಟ್ ಆದ ಮೇಲೆ ನಿರ್ದೇಶಕರಿಗೆ ತಿಳಿಸಿ. ನೀರಿನ ಮಟ್ಟಕ್ಕೆ ಕ್ಯಾಮೆರಾಗೆ ಕಾಣದ ಬದಿಯಲ್ಲಿ ಸಣ್ಣ ಟೇಪ್ ಅಂಟಿಸಿ, ಪ್ರತಿ ಟೇಕ್‌ಗೂ ಅಲ್ಲಿಯವರೆಗೆ ತುಂಬಿಸಿ.

ನೋಟಕ್ಕೂ ಅದೇ ಹಾಳೆ ಸಾಕು. ಒಬ್ಬರು ಲೆನ್ಸ್‌ನ ಬಲಕ್ಕೆ ನೋಡಿದರೆ, ಎದುರಿನವರ ಕ್ಲೋಸಪ್‌ನಲ್ಲಿ ನೋಟ ಎಡಕ್ಕಿರಬೇಕು. ಇಬ್ಬರೂ ಒಂದೇ ಕಡೆ ನೋಡಿದರೆ, ಕ್ಯಾಮೆರಾ ಅವರಿಬ್ಬರನ್ನು ಸೇರಿಸುವ ಕಾಲ್ಪನಿಕ ಗೆರೆ ದಾಟಿದೆ ಅಂತಲೇ ಅರ್ಥ.