ಹ್ಯಾಷ್‌ಟ್ಯಾಗ್ ಎರಡೂ ಲಿಪೀಲಿ ಓದೋಕಾಗ್ಬೇಕಾ? ಮೊದ್ಲು ಆ ‘ಸೇವ್’ ತೆಗೀರಿ

ಪ್ರಶ್ನೆ: ನಮ್ಮ ಹೊಸಹಳ್ಳಿ ಸರ್ಕಾರಿ ಶಾಲೇಲಿ ಮಕ್ಕಳು ಕಮ್ಮಿ ಅಂತ ಪಕ್ಕದೂರಿನ ಶಾಲೆಗೆ ಸೇರಿಸ್ತಾರಂತೆ ಸಾರ್. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ #ಸೇವ್‌ನಮ್ಮಶಾಲೆ, #SaveNammaShale ಅಂತ ಶುರು ಮಾಡಿದ್ವಿ. ತುಂಬಾ ಜನ ಹಾಕ್ತಿದಾರೆ, ಆದ್ರೆ ಟ್ಯಾಗ್ ಒತ್ತಿದ್ರೆ ಅರ್ಧಾನೂ ಕಾಣಲ್ಲ. ಇಂಗ್ಲಿಷ್ ಟ್ಯಾಗ್ ನೋಡಿ ಒಬ್ರು ‘ಇದ್ಯಾವುದಪ್ಪ ಶೇಲ್ ಗ್ಯಾಸ್ ಚಳವಳಿ’ ಅಂದ್ರು. ಏನ್ ಮಾಡೋದು?

ಕೆರೆ ಆದ್ರೂ ಸೇವ್, ಮರ ಆದ್ರೂ ಸೇವ್, ಶಾಲೆ ಆದ್ರೂ ಸೇವ್. ನನಗೆ ಬರೋ ಪ್ರಶ್ನೆಗಳಲ್ಲಿ ಈ ಪದ ಇಲ್ದೆ ಇರೋದೇ ಅಪರೂಪ, ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದ್ರೂ ಇವತ್ತು ಪೂರ್ತಿ ಹೇಳ್ಬಿಡ್ತೀನಿ. ಪ್ರೈವೇಟ್ ಅಕೌಂಟ್‌ನಿಂದ ಹಾಕಿದ್ದು ಟ್ಯಾಗ್ ಒತ್ತಿದವರಿಗೆಲ್ಲ ಕಾಣಲ್ಲ, ಅದು ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೀನಿ. ಅದು ಬಿಟ್ಟು ಉಳಿದಿದ್ದೆಲ್ಲ ಟ್ಯಾಗ್‌ನದ್ದೇ ತಪ್ಪು.

‘ಸೇವ್’ ಮುಗಿಯೋದು ಅರ್ಧಾಕ್ಷರದಲ್ಲಿ. ಹ್ಯಾಷ್‌ಟ್ಯಾಗ್‌ನಲ್ಲಿ ಸ್ಪೇಸ್ ಕೊಡೋ ಹಾಗಿಲ್ಲ, ಹಾಗಾಗಿ ಪಕ್ಕದಲ್ಲಿ ‘ನಮ್ಮ’ ಬಂದ ತಕ್ಷಣ ಆ ‘ನ’ ಕೆಳಗಿಳಿದು ಒತ್ತಾಗುತ್ತೆ, ‘ಸೇವ್ನಮ್ಮ’ ಅಂತ ಆಗುತ್ತೆ. ಒತ್ತು ಆಗ್ದೆ ಬಿಡಿಯಾಗಿ ನಿಲ್ಲಬೇಕು ಅಂದ್ರೆ ಮಧ್ಯ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರಬೇಕು, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತಾರೆ ಅದಕ್ಕೆ. ಕೆಲವು ಕೀಬೋರ್ಡ್ ಅದನ್ನ ತಾನೇ ಹಾಕುತ್ತೆ, ಕೆಲವ್ರಲ್ಲಿ ಅದಕ್ಕೇ ಒಂದು ಕೀ ಇರುತ್ತೆ, ಕೆಲವ್ರಿಗೆ ಅಂಥದ್ದು ಇದೆ ಅಂತಾನೇ ಗೊತ್ತಿರಲ್ಲ. ಈಗ ನಿಮ್ಮೂರವರ ಫೋನ್‌ಗಳನ್ನ ಲೆಕ್ಕ ಹಾಕಿ. ಒಬ್ರು #ಸೇವ್‌ನಮ್ಮಶಾಲೆ ಅಂತ ಹಾಕ್ತಾರೆ, ಇನ್ನೊಬ್ರು #ಸೇವ್ನಮ್ಮಶಾಲೆ, ಮೂರನೆಯವರು ಈ ತಾಪತ್ರಯಾನೇ ಬೇಡ ಅಂತ #ಸೇವನಮ್ಮಶಾಲೆ. ನಿಮಗೆ ಮೂರೂ ಒಂದೇ, ಕಂಪ್ಯೂಟರ್‌ಗೆ ಮೂರು ಬೇರೆ ಬೇರೆ ಪದ, ಒಂದನ್ನ ಒತ್ತಿದ್ರೆ ಇನ್ನೊಂದು ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕೆಲವು ಆ್ಯಪ್‌ಗಳಲ್ಲಿ ಆ ಕಾಣದ ಅಕ್ಷರದ ಹತ್ರಾನೇ ಟ್ಯಾಗ್ ತುಂಡಾಗಿ ಬರೀ #ಸೇವ್ ಮಾತ್ರ ಲಿಂಕ್ ಆಗಬಹುದು. ನಿಮ್ಮ ಅರ್ಧ ಜನ ಕಳೆದುಹೋಗಿದ್ದು ಹೀಗೆ.

ನಂಬಿಕೆ ಬರದಿದ್ರೆ ನಿಮ್ಮ ಗುಂಪಲ್ಲಿ ಕಂಪ್ಯೂಟರ್ ಗೊತ್ತಿರೋ ಹುಡುಗನ ಕೈಲಿ ಬೇರೆ ಬೇರೆಯವರ ಪೋಸ್ಟ್‌ನಿಂದ ಟ್ಯಾಗ್ ಕಾಪಿ ಮಾಡಿಸಿ ಇದರೊಳಗೆ ಹಾಕಿಸಿ:

```python
print([hex(ord(c)) for c in "ಸೇವ್‌ನಮ್ಮಶಾಲೆ"])
```

ಸಾಲಿನಲ್ಲಿ 0x200c ಅಂತ ಕಂಡ್ರೆ ಆ ಕಾಣದ ಅಕ್ಷರ ಇದೆ, ಕಾಣದಿದ್ರೆ ಇಲ್ಲ.

ಇದಕ್ಕೆ ಒಳ್ಳೇ ಉದಾಹರಣೆ ಬೆಂಗಳೂರಲ್ಲೇ ಇದೆ. 2016ರಲ್ಲಿ #SteelFlyoverBeda ಓಡಿತು, 2017ರಲ್ಲಿ #NammaMetroHindiBeda ಓಡಿತು, ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಸಲೀಸು. ಈಗ ಎರಡನ್ನೂ ಕನ್ನಡದಲ್ಲಿ ಬರೆದು ನೋಡಿ. ನಮ್ಮ, ಮೆಟ್ರೋ, ಹಿಂದಿ, ಬೇಡ, ನಾಲ್ಕೂ ಸ್ವರದಲ್ಲೇ ಮುಗಿಯುತ್ತೆ, ಹಾಗಾಗಿ #ನಮ್ಮಮೆಟ್ರೋಹಿಂದಿಬೇಡ ಅಂತ ಒಂದಕ್ಕೊಂದು ಒತ್ತರಿಸ್ದೆ ಸಾಲಾಗಿ ಕೂರುತ್ತೆ, ಮೆಟ್ರೊನೋ ಮೆಟ್ರೋನೋ ಅನ್ನೋ ಒಂದು ಜಗಳ ಬಿಟ್ರೆ ಬೇರೇನಿಲ್ಲ. ಸ್ಟೀಲ್ ಮತ್ತೆ ಫ್ಲೈಓವರ್ ಎರಡೂ ಅರ್ಧಾಕ್ಷರದಲ್ಲಿ ಮುಗಿಯುತ್ತೆ, ಕಾಣದ ಅಕ್ಷರ ಇಲ್ದೆ ಬರೆದ್ರೆ #ಸ್ಟೀಲ್ಫ್ಲೈಓವರ್ಬೇಡ. ಓದಿ ನೋಡೋಣ. ಅದು ಇಂಗ್ಲಿಷ್ ಲಿಪಿಗೆ ಮಾತ್ರ ಹುಟ್ಟಿದ ಟ್ಯಾಗ್, ತಪ್ಪೇನಿಲ್ಲ, ಆದ್ರೆ ನಿಮಗೆ ಎರಡೂ ಬೇಕು ಅಂತೀರಲ್ಲ.

ಹಾಗಾಗಿ ‘ಸೇವ್’ ತೆಗೀರಿ, ‘ಉಳಿಸಿ’ ಹಾಕಿ, ಅದನ್ನ ಕೊನೇಗೆ ಹಾಕಿ. ‘ಶಾಲೆಉಳಿಸಿ’ ಅಂತ ಬರೆದಾಗ ಮಧ್ಯ ‘ಉ’ ಪೂರ್ತಿ ಅಕ್ಷರವಾಗಿ ನಿಲ್ಲುತ್ತೆ. ಕನ್ನಡ ಪದದ ನಡುವೆ ಬಿಡಿ ಸ್ವರ ಬರೋದು ಕಮ್ಮಿ, ಹಾಗಾಗಿ ಅದನ್ನ ಕಂಡ ಕೂಡ್ಲೆ ಇಲ್ಲಿಂದ ಹೊಸ ಪದ ಅಂತ ಕಣ್ಣಿಗೆ ತಾನೇ ಗೊತ್ತಾಗುತ್ತೆ. ನಮಗೆ ಕ್ಯಾಪಿಟಲ್ ಅಕ್ಷರ ಇಲ್ಲ, ಆ ಕೆಲಸಾನ ಇದು ಮಾಡುತ್ತೆ. ಸಂಧಿ ಮಾಡಿ ‘ಶಾಲೆಯುಳಿಸಿ’ ಅಂತ ಬರೀಬೇಕು ಅಂತ ಯಾರಾದ್ರೂ ಪಂಡಿತರು ಬಂದ್ರೆ ಕೈ ಮುಗಿದು ಕಳಿಸಿ, ಇಲ್ಲಿ ಸಂಧಿ ಮಾಡಿದ್ರೆ ಪದದ ಗಡಿ ಹೋಯ್ತು.

ಇಂಗ್ಲಿಷ್ ಲಿಪೀಲಿ ಇದೇ ಜಾಗ ತಿರುಗಿ ಕಚ್ಚುತ್ತೆ. shaleulisi ಅಂತ ಎಲ್ಲಾ ಚಿಕ್ಕಕ್ಷರದಲ್ಲಿ ಬರೆದ್ರೆ e, u ಎರಡು ಸ್ವರ ಅಂಟಿಕೊಂಡು ಎಲ್ಲಿ ಮುರಿಯಬೇಕು ಅಂತ ತಿಳಿಯಲ್ಲ. ಅದಕ್ಕೇ ಪ್ರತಿ ಪದದ ಮೊದಲ ಅಕ್ಷರ ಕ್ಯಾಪಿಟಲ್ ಮಾಡಿ ಅನ್ನೋದು. ಹುಡುಕೋವಾಗ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ ಟ್ಯಾಗ್, ಕ್ಯಾಪಿಟಲ್ ಇರೋದು ಓದೋರಿಗೆ ಮತ್ತೆ ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್‌ಗೆ. ಇದೇ ಕಾರಣಕ್ಕೆ ಬರಹ ತಂತ್ರಾಂಶದ ಅಭ್ಯಾಸದಲ್ಲಿ ‘ಳ’ಗೆ ದೊಡ್ಡ L ಹಾಕಿ #HosahaLLi ಅಂತ ಬರೆಯೋದು ದಂಡ, ಟ್ಯಾಗ್‌ಗೆ ಆ ವ್ಯತ್ಯಾಸ ಗೊತ್ತೇ ಆಗಲ್ಲ, ನೋಡೋಕೂ ಚೆನ್ನಾಗಿಲ್ಲ. ಹಳ್ಳಿ ಹೋಗಿ ಹಲ್ಲಿ ಆಗುತ್ತೆ ಅಂತ ಹೆದರಬೇಡಿ, ಊರ ಹೆಸರನ್ನ ಬೋರ್ಡ್‌ನಲ್ಲಿ ನೋಡಿ ನೋಡಿ ನಮ್ಮ ಜನಕ್ಕೆ ರೂಢಿಯಾಗಿದೆ.

ಆದ್ರೆ Shale ವಿಷಯದಲ್ಲಿ ಹೆದರಿ. ಅದು ಇಂಗ್ಲಿಷಲ್ಲಿ ಇರೋ ಪದ, ಒಂದು ಜಾತಿಯ ಕಲ್ಲು. ಕನ್ನಡ ಬರದವರು ಬೇರೆ ಥರ ಓದೋ ದಾರೀನೇ ಇಲ್ಲ, ನಿಮ್ಮನ್ನ ರೇಗಿಸಿದವರು ಸರಿಯಾಗೇ ಓದಿದ್ದಾರೆ. ಬರೆದ ಮೇಲೆ ಇಂಗ್ಲಿಷ್ ಡಿಕ್ಷನರೀಲಿ ಇದೆಯಾ ಅಂತ ಒಂದ್ಸಲ ನೋಡಿದ್ರೆ ಇದು ತಪ್ಪುತ್ತೆ, ಯಾರೂ ನೋಡಲ್ಲ. Shaale ಅಂತ ಎರಡು a ಹಾಕಿ. ‘ನಮ್ಮ’ ಕೂಡ ಬೇಡ, ರಾಜ್ಯದಲ್ಲಿ ಎಲ್ಲರಿಗೂ ಒಂದು ನಮ್ಮ ಶಾಲೆ ಇದೆ, ಯಾರದೋ ವಾರ್ಷಿಕೋತ್ಸವದ ಫೋಟೋ ಎಲ್ಲ ನಿಮ್ಮ ಟ್ಯಾಗ್‌ನಲ್ಲಿ ಬಂದು ಕೂರುತ್ತೆ. ಊರ ಹೆಸರು ಹಾಕಿ. ಹೊಸಹಳ್ಳಿಗಳೂ ಬೇಕಾದಷ್ಟಿವೆ, ನಿಜ, ಅದಕ್ಕೆ ತಾಲ್ಲೂಕಿನ ಹೆಸರನ್ನ ಪೋಸ್ಟ್‌ನ ಮೊದಲ ಸಾಲಲ್ಲಿ ಬರೀರಿ, ಟ್ಯಾಗ್‌ಗೆ ತುರುಕಬೇಡಿ.

ಒಟ್ಟು ನಿಮ್ಮದು ಹೀಗಾಗುತ್ತೆ: #ಹೊಸಹಳ್ಳಿಶಾಲೆಉಳಿಸಿ, #HosahalliShaaleUlisi. ಇವೆರಡು ಯಾವತ್ತಿದ್ರೂ ಎರಡು ಟ್ಯಾಗೇ, ಲಿಪಿ ಬೇರೆ ಆದ್ರೆ ಲೆಕ್ಕಾನೂ ಬೇರೆ, ಒಂದೇ ಪೋಸ್ಟ್‌ನಲ್ಲಿ ಎರಡನ್ನೂ ಹಾಕೋದು ಬಿಟ್ಟು ಬೇರೆ ಉಪಾಯ ಇಲ್ಲ. ಜಾಗ ಸಾಲಲ್ಲ ಅಂತೀರಾ? ಎಕ್ಸ್‌ನಲ್ಲಿ ಕಾಗುಣಿತದ ಗುರುತು, ಒತ್ತಿನ ಹಿಂದಿರೋ ಹಲಂತ ಎಲ್ಲಾನೂ ಒಂದೊಂದು ಅಕ್ಷರವಾಗಿ ಎಣಿಸ್ತಾರೆ, ಹಾಗೆ ಎಣಿಸಿದ್ರೂ ಹ್ಯಾಷ್ ಚಿಹ್ನೆ ಬಿಟ್ಟು ಕನ್ನಡದ್ದು 17, ಇಂಗ್ಲಿಷ್‌ದು 20. 280ರಲ್ಲಿ ಇನ್ನೂ ಬೇಕಾದಷ್ಟು ಜಾಗ ಇದೆ.

‘ಉಳಿಸಿ’ ಕೊನೇಗೆ ಇರಲಿ ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ಕನ್ನಡದೋರು ಟ್ಯಾಗ್‌ಗೂ ವಿಭಕ್ತಿ ಹಚ್ತಾರೆ. ಬರೀ #ಹೊಸಹಳ್ಳಿಶಾಲೆ ಅಂತ ಇಟ್ಟಿದ್ರೆ ನಾಳೆ ಬೆಳಗ್ಗೆ #ಹೊಸಹಳ್ಳಿಶಾಲೆಗೆ ನ್ಯಾಯ ಬೇಕು, #ಹೊಸಹಳ್ಳಿಶಾಲೆಯನ್ನು ಮುಚ್ಚಬೇಡಿ ಅಂತ ಬರುತ್ತೆ, ಪ್ರತಿಯೊಂದೂ ಹೊಸ ಟ್ಯಾಗ್. ಇಂಗ್ಲಿಷಲ್ಲಿ ಈ ರೋಗ ಕಮ್ಮಿ, ಅಲ್ಲಿ to, for ಎಲ್ಲ ಬೇರೆ ಪದ. ಕ್ರಿಯಾಪದದಲ್ಲಿ ಮುಗಿಸಿದ್ರೆ ಬಾಲ ಹಚ್ಚೋಕೆ ನಾಲಿಗೇನೇ ಒಪ್ಪಲ್ಲ. ಆದ್ರೂ ಕೆಲವ್ರು ‘ಉಳಿಸೋಣ’, ‘ಉಳಿಸಿರಿ’ ಅಂತ ಮಾಡೇ ಮಾಡ್ತಾರೆ, ಅದಕ್ಕೇ ಎರಡೂ ಟ್ಯಾಗ್ ಇರೋ ಒಂದು ಸಾಲನ್ನ ವಾಟ್ಸಾಪ್ ಗ್ರೂಪಲ್ಲಿ ಮೇಲೇ ಪಿನ್ ಮಾಡಿ, ಟೈಪ್ ಮಾಡಬೇಡಿ ಕಾಪಿ ಮಾಡಿ ಅಂತ ಬರೀರಿ. ಫೋಟೋ ಮೇಲೆ ಬರೆದು ಕಳಿಸಬೇಡಿ, ಫೋಟೋದಿಂದ ಕಾಪಿ ಮಾಡೋಕೆ ನಿಮ್ಮೂರ ಹಿರಿಯರಿಗೆ ಬರಲ್ಲ.

ಶುರು ಮಾಡೋ ಮುಂಚೆ ಒಂದು ಪರೀಕ್ಷೆ ಮಾಡಿ. ಗುಂಪಲ್ಲಿ ಇಲ್ಲದ ನಾಲ್ಕೈದು ಜನಕ್ಕೆ ಫೋನ್ ಮಾಡಿ ಟ್ಯಾಗನ್ನ ಬಾಯಲ್ಲಿ ಹೇಳಿ, ಎರಡೂ ಲಿಪೀಲಿ ಟೈಪ್ ಮಾಡಿ ಕಳಿಸೋಕೆ ಹೇಳಿ. ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಥರ ಬಂದ್ರೆ ಪದ ಬದಲಾಯಿಸಿ. ಇಂಗ್ಲಿಷಲ್ಲಿ Shale, Shaale, Shaley ಎಲ್ಲಾ ಬರುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ಕಾಪಿ ಮಾಡಿಸಿ. ಆಮೇಲೆ ಕನ್ನಡ ಬರದವರೊಬ್ರಿಗೆ hosahallishaaleulisi ಅಂತ ಚಿಕ್ಕಕ್ಷರದಲ್ಲಿ ತೋರ್ಸಿ ಜೋರಾಗಿ ಓದಿಸಿ. ಅರ್ಥ ಆಗ್ಬೇಕಿಲ್ಲ, ಬೇರೆ ಏನೋ ಅರ್ಥ ಬರಬಾರದು ಅಷ್ಟೇ. 2013ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಥ್ಯಾಚರ್ ತೀರಿಕೊಂಡಾಗ #nowthatchersdead ಅಂತ ಓಡಿತು, ಅದನ್ನ now that Cher's dead ಅಂತ ಓದಿ ಗಾಯಕಿ ಶೆರ್ ಹೋಗ್ಬಿಟ್ಳು ಅಂತ ಜನ ಗಾಬರಿಯಾದ್ರು. ಇಂಗ್ಲಿಷ್‌ನವರಿಗೇ ಅವರ ಭಾಷೇಲಿ ಹೀಗಾಗಿದೆ.

ಹಳೇ ಪೋಸ್ಟ್ ಅಳಿಸೋಕೆ ಹೋಗ್ಬೇಡಿ. ಜಾಸ್ತಿ ಜನ ನೋಡಿದ ಪೋಸ್ಟ್‌ಗಳ ಕೆಳಗೆ ಹೊಸ ಟ್ಯಾಗ್ ಹಾಕಿ ಒಂದು ರಿಪ್ಲೈ ಬರೀರಿ, ಸಾಕು.

ಪ್ರಶ್ನೆ: #ಶಾಲೆ-ಉಳಿಸಿ ಅಂತ ಮಧ್ಯ ಗೆರೆ ಹಾಕಬಹುದಾ?

ಹೈಫನ್ ಹಾಕಿದ್ರೆ ಟ್ಯಾಗ್ ಅಲ್ಲಿಗೇ ಮುಗೀತು, #ಶಾಲೆ ಮಾತ್ರ ಉಳಿಯುತ್ತೆ. ಅಂಡರ್‌ಸ್ಕೋರ್ ನಡೆಯುತ್ತೆ, ಆದ್ರೆ ಕನ್ನಡ ಕೀಬೋರ್ಡಲ್ಲಿ ಅದನ್ನ ಹುಡುಕೋಷ್ಟರಲ್ಲಿ ಅರ್ಧ ಜನ ಬಿಟ್ಟು ಹೋಗ್ತಾರೆ.

ಪ್ರಶ್ನೆ: ನಮ್ಮ #ಬೆಂಗಳೂರುಕೆರೆ ಟ್ಯಾಗ್ ಎರಡು ಇದೆ, ನೋಡೋಕೆ ಒಂದೇ ಥರ, ಪೋಸ್ಟ್ ಬೇರೆ ಬೇರೆ. ಹ್ಯಾಕ್ ಆಗಿದೆಯಾ?

ಯಾರೂ ಹ್ಯಾಕ್ ಮಾಡಿಲ್ಲ. ನಿಮ್ಮಲ್ಲೊಬ್ರು ಅನುಸ್ವಾರದ ಬದಲು ಕನ್ನಡದ ಸೊನ್ನೆ ‘೦’ ಒತ್ತಿದ್ದಾರೆ. ‘ಬೆ೦ಗಳೂರು’ ಅಂತ ಬರೆಯೋರು ಇನ್ನೂ ಇದ್ದಾರೆ, ಕಂಡ್ರೆ ತಿದ್ದಿ.

ಪ್ರಶ್ನೆ: ನುಡೀಲಿ ಟೈಪ್ ಮಾಡಿ ಪೇಸ್ಟ್ ಮಾಡಿದ್ರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತೆ.

ಯೂನಿಕೋಡ್ ಮೋಡ್‌ಗೆ ಹಾಕಿ. ಇನ್ನೂ ಈ ಪ್ರಶ್ನೆ ಬರ್ತಿದೆಯಲ್ಲ ಅಂತ ಬೇಜಾರು.

ಪ್ರಶ್ನೆ: ಹ್ಯಾಷ್‌ಟ್ಯಾಗ್ ನಮ್ಮ ಹೆಸರಿಗೆ ರಿಜಿಸ್ಟರ್ ಮಾಡಿಕೊಟ್ಟು, ಟ್ರೆಂಡ್ ಕೂಡ ಮಾಡಿಸ್ತೀವಿ ಅಂತ ಒಬ್ರು ಪ್ಯಾಕೇಜ್ ಹೇಳ್ತಿದಾರೆ. ಕೊಡಬಹುದಾ?

ಕೊಡಬೇಡಿ. ದುಡ್ಡು ಕೊಟ್ಟು ನಿಮ್ಮ ಹೆಸರಿಗೆ ಬರೆಸ್ಕೊಂಡ್ರೂ ಆ ಟ್ಯಾಗನ್ನ ಬೇರೆಯವರು ಟೈಪ್ ಮಾಡೋದನ್ನ ತಡೆಯೋಕಾಗಲ್ಲ, ನಿಮ್ಮ ವಿರೋಧಿಗಳೂ ಧಾರಾಳವಾಗಿ ಬಳಸ್ತಾರೆ. ಟ್ರೆಂಡ್ ಮಾಡಿಸೋದು ಅಂದ್ರೆ ನಕಲಿ ಅಕೌಂಟ್‌ಗಳಿಂದ ಒಂದೇ ಸಾಲನ್ನ ನೂರು ಸಲ ಹಾಕಿಸೋದು, ಅದು ಆ್ಯಪ್‌ಗಳ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ರೆ ಟ್ಯಾಗ್ ಜೊತೆ ನಿಮ್ಮ ಅಸಲಿ ಅಕೌಂಟೂ ಹೋಗುತ್ತೆ. ಈ ಪ್ಯಾಕೇಜ್‌ನವರ ಹತ್ರ ಒಂದೇ ಒಂದು ಕೇಳಿ, ಕನ್ನಡ ಟ್ಯಾಗ್‌ನಲ್ಲಿ 0x200c ಇದೆಯಾ ಇಲ್ವಾ ಅಂತ. ಆಮೇಲೆ ಅವರು ಫೋನ್ ಎತ್ತಲ್ಲ.