ಬೊಂಡ ಬೇಡ ಎಂದವಳಿಗೆ ಒಂದು ಪತ್ರ

ಪ್ರಶ್ನೆ: ನನಗೆ 43 ವರ್ಷ. ಮನೆ ಉಡುಪಿ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಬೆಳಿಗ್ಗೆ ಏಳಕ್ಕೆ ಬಸ್ ಹತ್ತಿದರೆ ಮನೆ ಮುಟ್ಟುವಾಗ ರಾತ್ರಿ ಎಂಟು. ಕಳೆದ ವರ್ಷ ಅಪ್ಪನ ಎರಡೂ ಕಿಡ್ನಿ ಹೋಯಿತು. ಈಗ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಅದೇ ಮಳೆಗಾಲದಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಲ್ಲವನ್ನೂ ನೋಡಿಕೊಂಡದ್ದು ನನ್ನ ಹೆಂಡತಿ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು, ಅದನ್ನೂ ನಿಲ್ಲಿಸಿದಳು. ಒಮ್ಮೆ ಅಕ್ಕ ಬಂದಾಗ ಅಪ್ಪನಿಗೆ ಎಳನೀರಿನ ಬೊಂಡ ಕೊಡಲು ಇವಳು ಬಿಡಲಿಲ್ಲ, ಸ್ವಲ್ಪ ಮಾತಾಯಿತು. ಈಗ ಅಮ್ಮ ವಾಕರ್ ಹಿಡಿದು ನಡೆಯುತ್ತಾರೆ, ಅಪ್ಪನೂ ಒಂದು ಹದಕ್ಕೆ ಬಂದಿದ್ದಾರೆ. ಹೆಂಡತಿಗೆ ಎದುರು ನಿಂತು ಥ್ಯಾಂಕ್ಸ್ ಹೇಳಲು ನನಗೆ ಬಾಯಿ ಬರುವುದಿಲ್ಲ. ಪತ್ರ ಬರೆಯೋಣ ಎಂದು ಕೂತರೆ "ನೀನು ನಮ್ಮ ಮನೆಯ ದೇವತೆ, ನಿನ್ನ ಋಣ ತೀರಿಸಲಾಗದು" ಎಂದು ಬರೆದು ಅಲ್ಲಿಗೇ ನಿಲ್ಲುತ್ತೇನೆ. ಏನು ಬರೆಯಲಿ?
(ಹೆಸರು ಬೇಡ, ಉಡುಪಿ)

ಉತ್ತರ: ಮೊದಲು ಆ ದೇವತೆಯ ಸಾಲನ್ನು ಹೊಡೆದು ಹಾಕಿ. ಅದು ರಿಟೈರ್ ಆದ ಮಾಸ್ತರಿಗೆ ಶಾಲು ಹೊದಿಸಿ ಓದುವ ಸನ್ಮಾನಪತ್ರದ ಹಾಗಿದೆ, ಹೆಸರು ಬದಲಿಸಿದರೆ ಯಾರಿಗೂ ಆಗುತ್ತದೆ.

ನೀವು ನನಗೆ ಬರೆದದ್ದರಲ್ಲಿ ಒಂದು ಮಾತನ್ನು ಬೇಗ ದಾಟಿಸಿಬಿಟ್ಟಿದ್ದೀರಿ. "ಸ್ವಲ್ಪ ಮಾತಾಯಿತು." ಯಾರು ಯಾರಿಗೆ ಏನೆಂದರು, ಆಗ ನೀವು ಎಲ್ಲಿದ್ದಿರಿ, ಏನೂ ಇಲ್ಲ. ನಿಮ್ಮ ಪತ್ರ ಶುರುವಾಗಬೇಕಾದದ್ದು ಅಲ್ಲಿಂದ.

ಯಾಕೆ ಅಂತ ಹೇಳುತ್ತೇನೆ. ಕಿಡ್ನಿ ಕೆಲಸ ಮಾಡದವರಿಗೆ ಕುಡಿದ ನೀರು ಮೂತ್ರವಾಗಿ ಹೋಗುವುದು ತೀರಾ ಕಡಿಮೆ, ಕೆಲವರಿಗೆ ಹೋಗುವುದೇ ಇಲ್ಲ. ಒಂದು ಲೀಟರ್ ಒಳಗೆ ಹೋದರೆ ಹತ್ತಿರ ಹತ್ತಿರ ಒಂದು ಕಿಲೋ ತೂಕ ಏರುತ್ತದೆ. ಅದು ಮುಂದಿನ ಡಯಾಲಿಸಿಸ್ ತನಕ ಕಾಲಲ್ಲಿ, ಮುಖದಲ್ಲಿ, ಜಾಸ್ತಿಯಾದರೆ ಶ್ವಾಸಕೋಶದಲ್ಲಿ ಕೂರುತ್ತದೆ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರಬೇಕು. ಮರುದಿನ ಮೆಷಿನ್ನಿನಲ್ಲಿ ಅಷ್ಟೂ ನೀರನ್ನು ನಾಲ್ಕು ಗಂಟೆಯಲ್ಲಿ ತೆಗೆಯಲು ಹೋದರೆ ಬಿಪಿ ಇಳಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಹಾಗಾಗಿ ಡಾಕ್ಟರ್ ದಿನಕ್ಕೆ ಇಷ್ಟೇ ಅಂತ ಒಂದು ಲೆಕ್ಕ ಕೊಡುತ್ತಾರೆ. ಎಷ್ಟೋ ಜನರಿಗೆ ಅದು ಒಂದು ಲೀಟರಿನ ಆಚೀಚೆ. ಅದರಲ್ಲಿ ಮಾತ್ರೆ ನುಂಗುವ ನೀರು ಬಂತು, ಕಾಫಿ ಬಂತು, ಮಜ್ಜಿಗೆ, ಸಾರು, ಬಾಯಿ ಒಣಗಿತೆಂದು ಚೀಪುವ ಐಸ್ ತುಂಡೂ ಬಂತು. ನಮ್ಮ ಕಡೆಯ ಕಷ್ಟ ಏನೆಂದರೆ, ಗಂಜಿಯೂ ಬಂತು. ಹುಟ್ಟಿದಲ್ಲಿಂದ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಉಂಡ ಮನುಷ್ಯನಿಗೆ ಅದರ ತೆಳಿ ಬಸಿದು ಬರೀ ಅನ್ನ ಬಡಿಸಬೇಕು. ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿಯೂ ಇಲ್ಲ, ಯಾಕೆಂದರೆ ಉಪ್ಪು ತಿಂದಷ್ಟೂ ಬಾಯಾರಿಕೆ.

ಬೊಂಡದ್ದು ಬೇರೆಯೇ ಕತೆ. ಅದರಲ್ಲಿ ನೀರು ಮಾತ್ರ ಅಲ್ಲ, ಪೊಟ್ಯಾಸಿಯಂ ತುಂಬಾ ಇದೆ. ಒಳ್ಳೆಯ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ನಿಮ್ಮ ಅಪ್ಪನಂಥವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ತಪ್ಪಿಸಬಹುದು, ನಿಲ್ಲಿಸಲೂಬಹುದು, ಅದೂ ಮುಂಚಿತವಾಗಿ ಏನೂ ಸೂಚನೆ ಕೊಡದೆ. ಎರಡು ಡಯಾಲಿಸಿಸ್ ನಡುವೆ ಹೆಚ್ಚು ದಿನ ಅಂತರ ಇರುವಾಗ, ಅಂದರೆ ನಿಮ್ಮಲ್ಲಿ ಭಾನುವಾರ ಸೋಮವಾರ, ಅಪಾಯ ಜಾಸ್ತಿ. ನೆಂಟರು ಬರುವುದು ಯಾವ ದಿನ? ಭಾನುವಾರ, ಅಲ್ವಾ? ಕೈಯಲ್ಲಿ ಏನಿರುತ್ತದೆ? ಬಾಳೆಹಣ್ಣು, ಬೊಂಡ. "ಬೊಂಡ ತಂಪು, ಏನೂ ಆಗುವುದಿಲ್ಲ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ.

ಈಗ ನಿಮ್ಮ ಹೆಂಡತಿಯ ಜಾಗದಲ್ಲಿ ನಿಂತು ನೋಡಿ. ಬಾಯಾರಿದ ಹಿರಿಯರು ಕೇಳುತ್ತಿದ್ದಾರೆ, ಅತ್ತಿಗೆ ಕೆತ್ತಿದ ಬೊಂಡ ಹಿಡಿದು ನಿಂತಿದ್ದಾರೆ, ಸೊಸೆ ಬೇಡ ಎನ್ನುತ್ತಿದ್ದಾಳೆ. ನೋಡಿದವರು ಏನೆಂದುಕೊಳ್ಳುತ್ತಾರೆ? ಮಾವನಿಗೆ ಒಂದು ಲೋಟ ನೀರು ಕೊಡದ ಸೊಸೆ. ನಾನು ಈ ಅಂಕಣ ಬರೆಯುವ ಮೊದಲು ಡಯಾಲಿಸಿಸ್ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಹೊರಗೆ ಬೆಂಚಿನಲ್ಲಿ ಕಾಯುವ ಸೊಸೆಯಂದಿರು ಅಡುಗೆ ಮಾಡಿ ಸಾಕಾಯಿತು, ಬಟ್ಟೆ ಒಗೆದು ಸಾಕಾಯಿತು ಅಂತ ಅತ್ತದ್ದು ಕಡಿಮೆ. ಅಳುತ್ತಿದ್ದದ್ದು ಈ ಕೆಟ್ಟ ಹೆಸರಿಗೆ. ಮಗಳು ಬೇಡ ಎಂದರೆ ಅದು ಕಾಳಜಿ, ಮಗ ಬೇಡ ಎಂದರೆ ಅದು ಶಿಸ್ತು. ಸೊಸೆ ಬೇಡ ಎಂದರೆ ಹೊಟ್ಟೆಕಿಚ್ಚು. ನಿಮ್ಮ ಮನೆಯಲ್ಲಿ ಬೇಡ ಎನ್ನುವ ಕೆಲಸ ಪೂರ್ತಿ ಅವರ ತಲೆಗೆ ಬಂತು, ಯಾಕೆಂದರೆ ಹಗಲು ಹೊತ್ತು ನೀವು ಇರಲಿಲ್ಲ, ಭಾನುವಾರ ಇದ್ದಾಗ ನೀವು ಮಾತಾಡಲಿಲ್ಲ. (ಇದು ನನ್ನ ಊಹೆ. ತಪ್ಪಾದರೆ ಬಯ್ಯಿರಿ.)

ಹಾಗಾಗಿ ಪತ್ರ ಸುಮಾರು ಹೀಗೆ ಶುರುವಾದರೆ ಸಾಕು. ನಿಮ್ಮ ಮಾತಿಗೆ ಬದಲಿಸಿಕೊಳ್ಳಿ:

"ಅಕ್ಕ ಬೊಂಡ ತಂದ ದಿನ ನೀನು ಬೇಡ ಎಂದೆ. ಅಕ್ಕ ಏನೋ ಅಂದಳು. ನಾನು ಪೇಪರ್ ಓದುತ್ತಾ ಕೂತೆ. ಅವತ್ತು ಭಾನುವಾರ, ಮುಂದಿನ ಡಯಾಲಿಸಿಸ್ ಮಂಗಳವಾರ. ನೀನು ಹೂಂ ಎಂದಿದ್ದರೆ ಎಲ್ಲರ ಹತ್ತಿರ ಒಳ್ಳೆಯವಳಾಗುತ್ತಿದ್ದೆ, ಅಪ್ಪ ಉಳಿಯುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಬೆಳಿಗ್ಗೆ ಎದ್ದು ನೀನು ಬಾಟಲಿಗೆ ಒಂದು ಲೀಟರ್ ತುಂಬಿಸಿಡುತ್ತಿ. ಅಪ್ಪ ಕಾಫಿ ಕುಡಿದರೆ ಅಷ್ಟೇ ನೀರನ್ನು ಅದರಿಂದ ತೆಗೆದು ಚೆಲ್ಲುತ್ತಿ. ಸಂಜೆ ಬಾಟಲಿಯಲ್ಲಿ ಎಷ್ಟು ಉಳಿದಿದೆಯೋ ಅದು ಅವರ ರಾತ್ರಿಯದ್ದು. ಅವರು ಬೈದರೆ ಕೇಳಿಸಿಕೊಳ್ಳುತ್ತಿ. ಹರಿವೆ ಸೊಪ್ಪಿನ ಆಸೆಗೆ ಸಿಟ್ಟು ಮಾಡಿ ಊಟ ಬಿಟ್ಟು ಎದ್ದಾಗ ತರಕಾರಿ ಸಣ್ಣ ಹೆಚ್ಚಿ, ಪೊಟ್ಯಾಸಿಯಂ ಇಳಿಯಲಿ ಎಂದು ತುಂಬಾ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಮತ್ತೆ ಒಗ್ಗರಣೆ ಹಾಕಿ ಕರೆದದ್ದು ನೀನು. ನಾನು ಬರುವಾಗ ಪಾತ್ರೆ ತೊಳೆದಾಗಿರುತ್ತಿತ್ತು. ನನಗೆ ಕಂಡದ್ದು ಸಪ್ಪೆ ಪಲ್ಯ ಮಾತ್ರ."

ಬಾಟಲಿಯ ಈ ಲೆಕ್ಕ ಎಷ್ಟೋ ಮನೆಯಲ್ಲಿ ಮಾಡುತ್ತಾರೆ, ನಿಮ್ಮಲ್ಲಿ ಬೇರೆ ಕ್ರಮ ಇರಬಹುದು. ಬರೆಯುವ ಮೊದಲು ನೋಡಿಕೊಳ್ಳಿ. ಅವರನ್ನೇ ಕೂರಿಸಿ "ನೀನು ಏನೇನು ಮಾಡಿದೆ ಹೇಳು" ಅಂತ ಕೇಳಬೇಡಿ, ಅದೂ ಅವರಿಗೊಂದು ಕೆಲಸವಾಗುತ್ತದೆ. ಆಸ್ಪತ್ರೆ ಫೈಲು ತೆಗೆಯಿರಿ. ಪ್ರತಿ ಸಲ ಡಯಾಲಿಸಿಸ್ ಮೊದಲು ಮತ್ತು ನಂತರ ತೂಕ ಬರೆದಿರುತ್ತಾರೆ. ಶುರುವಿನ ತಿಂಗಳಲ್ಲಿ ಎರಡು ಸಲದ ನಡುವೆ ಎಷ್ಟು ಕಿಲೋ ಏರುತ್ತಿತ್ತು, ಈಗ ಎಷ್ಟು ಏರುತ್ತದೆ, ನೀವೇ ಕಳೆದು ನೋಡಿ. ಕಡಿಮೆಯಾಗಿದ್ದರೆ ಆ ಕಡಿಮೆಯಾದದ್ದರಲ್ಲಿ ದೊಡ್ಡ ಪಾಲು ನಿಮ್ಮ ಅಡುಗೆಮನೆಯಲ್ಲಿ ಆದ ಕೆಲಸ. ಆ ಎರಡು ಸಂಖ್ಯೆಯನ್ನು ಪತ್ರದಲ್ಲಿ ಹಾಗೆಯೇ ಬರೆಯಿರಿ. ಇನ್ನು ಅಪ್ಪನ ಫಿಸ್ಟುಲಾ ಇರುವ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಕೈಯನ್ನು ಒಮ್ಮೆ ಮುಟ್ಟಿ ನೋಡಿ, ಚರ್ಮದ ಕೆಳಗೆ ಸಣ್ಣಗೆ ಗುಂಯ್ ಅನ್ನುವ ನಡುಕ ಸಿಗುತ್ತದೆ. ಅದು ನಿಂತಿತೆಂದರೆ ಆಸ್ಪತ್ರೆಗೆ ಓಡಬೇಕು, ಹಾಗಾಗಿ ದಿನಾ ಯಾರಾದರೂ ಮುಟ್ಟಿ ನೋಡಬೇಕು. ನಿಮ್ಮ ಮನೆಯಲ್ಲಿ ಅದು ಯಾರು ಅಂತ ನಿಮಗೆ ಗೊತ್ತಾ?

ಅಮ್ಮನ ಸೊಂಟದ ವಿಷಯ ಒಂದು ಪ್ಯಾರಾದಲ್ಲಿ ಮುಗಿಸಿ. ರಾತ್ರಿ ಎಬ್ಬಿಸಿ ಕೂರಿಸುವುದು, ಬೆಡ್‌ಪ್ಯಾನ್, ಇದೆಲ್ಲ ನಿಮಗೆ ಕಂಡದ್ದೇ. ಕಂಡದ್ದನ್ನು ಕಂಡ ಹಾಗೆ ಬರೆದರಾಯಿತು.

ಹೊಲಿಗೆಯ ವಿಷಯಕ್ಕೆ ಮಾತ್ರ ಜಾಗ ಕೊಡಿ. ಅವರು ನಿಲ್ಲಿಸಿದ್ದು ಬರೀ ಹವ್ಯಾಸ ಅಲ್ಲ. ದೀಪಾವಳಿಗೆ, ಮದುವೆ ಸೀಸನ್ನಿಗೆ ರವಿಕೆ ಕೊಡುತ್ತಿದ್ದವರು ಒಂದು ವರ್ಷ ಕಾಯುವುದಿಲ್ಲ, ಬೇರೆ ಕಡೆ ಅಳತೆ ಕೊಟ್ಟಾಗಿರುತ್ತದೆ. ಮೆಷಿನ್ನಿಗೆ ಎಣ್ಣೆ ಹಾಕಿದ ಮಾತ್ರಕ್ಕೆ ಅವರು ವಾಪಸ್ ಬರುವುದಿಲ್ಲ. ಜೊತೆಗೆ, ಮೊದಲು ಮಗಳಿಗೊಂದು ಚಪ್ಪಲಿ, ತವರಿಗೆ ಹೋಗುವಾಗ ಕೈಯಲ್ಲಿ ಏನಾದರೂ, ಇದಕ್ಕೆಲ್ಲ ಅವರದ್ದೇ ದುಡ್ಡಿತ್ತು. ಈಗ ನಿಮ್ಮನ್ನು ಕೇಳಬೇಕು. ವರ್ಷವಿಡೀ ದುಡಿದ ಮೇಲೆ ಐನೂರು ರೂಪಾಯಿಗೆ ಗಂಡನ ಮುಖ ನೋಡುವುದಿದೆಯಲ್ಲ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ಹೇಳಿ. "ನಿನ್ನ ಸಂಪಾದನೆ ನಿಂತದ್ದರಿಂದಲೇ ನನ್ನ ಸಂಬಳ ನಿಲ್ಲಲಿಲ್ಲ" ಅಂತ ಬರೆದರೆ ಅದು ಲೆಕ್ಕಕ್ಕೆ ಸರಿಯಾದ ಮಾತು.

ಕ್ಷಮೆ ಕೇಳುತ್ತಾ ಹೋಗಬೇಡಿ. ಪೇಪರ್ ಓದುತ್ತಾ ಕೂತೆ ಎಂದಿರಲ್ಲ, ಅಷ್ಟು ಸಾಕು. ನಾಲ್ಕು ಪುಟ ಪಶ್ಚಾತ್ತಾಪ ಬರೆದರೆ ಕೊನೆಗೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. "ಅಪ್ಪ ಅಮ್ಮನನ್ನು ಹೆತ್ತವರ ಹಾಗೆ ನೋಡಿಕೊಂಡೆ" ಎಂಬ ಮಾತೂ ಬೇಡ. ಅವರಿಗೆ ಹೆತ್ತವರು ಬೇರೆ ಇದ್ದಾರೆ, ಈ ವರ್ಷ ಅವರನ್ನು ನೋಡಲು ಎಷ್ಟು ಸಲ ಹೋಗಲಿಕ್ಕಾಯಿತು ಅಂತ ಯೋಚಿಸಿ.

ಇನ್ನೊಂದು. ಕಿಡ್ನಿ ಕಸಿ ಆಗದಿದ್ದರೆ ಡಯಾಲಿಸಿಸ್ ನಿಲ್ಲುವುದಿಲ್ಲ. ಹಾಗಾಗಿ ಬರೀ ಹೊಗಳಿ ನಿಲ್ಲಿಸಿದರೆ "ಚೆನ್ನಾಗಿ ಮಾಡಿದೆ, ಮುಂದೆಯೂ ನೀನೇ ಮಾಡು" ಅಂದ ಹಾಗೆ ಕೇಳಿಸುತ್ತದೆ. ಶನಿವಾರದ ಡಯಾಲಿಸಿಸ್ ನಿಮ್ಮದು ಅಂತ ಪತ್ರದಲ್ಲೇ ಬರೆಯಿರಿ. ರಜೆ ಇಲ್ಲದಿದ್ದರೆ ಭಾನುವಾರದ ಬಾಟಲಿ ನಿಮ್ಮದು. ಯಾವುದೇ ಆದರೂ ಪೂರ್ತಿ ನಿಮ್ಮದಾಗಬೇಕು. ಫೈಲು ಎಲ್ಲಿದೆ, ಮಾತ್ರೆ ಯಾವುದು ಅಂತ ಹತ್ತು ಸಲ ಅವರಿಗೇ ಫೋನ್ ಮಾಡುವುದಾದರೆ ಪ್ರಯೋಜನ ಇಲ್ಲ.

ಪತ್ರ ಕೊಡುವ ಮೊದಲು ಅಕ್ಕನಿಗೆ ಫೋನ್ ಮಾಡಿ. ಇದನ್ನು ಬಿಟ್ಟರೆ ಉಳಿದದ್ದು ಅರ್ಧ ಕೆಲಸ, ಯಾಕೆಂದರೆ ಕೆಟ್ಟ ಹೆಸರು ಬಂದದ್ದು ನಾಲ್ಕು ಜನರ ಎದುರು, ನಿಮ್ಮ ಪತ್ರ ಓದುವುದು ಒಬ್ಬರೇ. ಜಗಳಕ್ಕೆ ಹೋಗಬೇಡಿ. "ಅಕ್ಕ, ಅವತ್ತು ಬೊಂಡ ಕೊಟ್ಟಿದ್ದರೆ ಅಪ್ಪನಿಗೆ ಹಾರ್ಟಿಗೆ ಅಪಾಯ ಇತ್ತು. ಅವಳು ತಡೆದದ್ದು ಸರಿ. ನಾನು ಅಲ್ಲೇ ಹೇಳಬೇಕಿತ್ತು. ಇನ್ನು ಮುಂದೆ ಅಪ್ಪನಿಗೆ ಏನು ತರಬಹುದು ಅಂತ ನನ್ನನ್ನು ಕೇಳು." ಇಷ್ಟೇ. ಅಕ್ಕನಿಗೆ ಸ್ವಲ್ಪ ಬೇಜಾರಾಗಬಹುದು, ಆಗಲಿ. ಅಪ್ಪನ ಮೇಲಿನ ಪ್ರೀತಿಗೇ ತಂದವರು, ವಿಷಯ ಗೊತ್ತಾದರೆ ಅರ್ಥ ಮಾಡಿಕೊಳ್ಳುತ್ತಾರೆ. ಅಮ್ಮನಿಗೂ ಇದೇ ಮಾತನ್ನು ಊಟದ ಹೊತ್ತಿನಲ್ಲಿ, ಹೆಂಡತಿ ಅಲ್ಲೇ ಇರುವಾಗ ಹೇಳಿ.

ಆಮೇಲೆ ಪತ್ರ ಕೊಡಿ. ಡಯಾಲಿಸಿಸ್ ದಿನ ರಾತ್ರಿ ಬೇಡ, ಅವತ್ತು ಅವರಿಗೆ ಓದಲು ಕಣ್ಣು ತೆರೆಯುವುದಿಲ್ಲ. ಕುಟುಂಬದ ವಾಟ್ಸಾಪ್ ಗ್ರೂಪಿಗಂತೂ ಹಾಕಲೇ ಬೇಡಿ. ಕೊಟ್ಟು ಎದುರು ಕೂತು ಮುಖ ನೋಡುತ್ತಾ ಕಾಯಬೇಡಿ. ಅವರು ಅಳಬಹುದು, ಏನೂ ಹೇಳದೆ ಇರಬಹುದು, ಇಷ್ಟು ದಿನ ಎಲ್ಲಿದ್ದಿರಿ ಅಂತ ರೇಗಲೂಬಹುದು. ರೇಗಿದರೆ ಉತ್ತರ ಕೊಡಬೇಡಿ, ಪೂರ್ತಿ ಕೇಳಿ. ಫೈಲಿನಲ್ಲಿ ನಿಮಗೆ ಸಿಗದ ಎಷ್ಟೋ ವಿಷಯ ಆಗ ಹೊರಗೆ ಬರುತ್ತದೆ.